ಬರೋದು... ಬೇಕೋ, ಬೇಡವೋ?

ಇಂಗ್ಲಿಷ್ ವಾಕ್ಯದಲ್ಲಿ ‘ಬೇಡ’ ಎಂಬುದು ಮೊದಲೇ ಬಂದುಬಿಡುತ್ತದೆ. ಕನ್ನಡದಲ್ಲಿ ಅದು ಬಾಲದಲ್ಲಿರುತ್ತದೆ. ನಮ್ಮ ಪುಣೆಯ ನೆರೆಹೊರೆಯವರ ಮರಾಠಿಯೂ ಹಾಗೆಯೇ: ‘ಯಾಯಲಾ’ ಎಂದ ಮೇಲೆ ‘ಹವಂ’ ಬರುತ್ತದೋ ‘ನಕೋ’ ಬರುತ್ತದೋ, ಕೊನೆಯವರೆಗೆ ಕಾಯಬೇಕು. ಹಾಗಾಗಿ ನಮ್ಮ ಭಾಷೆಯ ಸಂದೇಶ ಅರ್ಧಕ್ಕೆ ನಿಂತರೆ, ಕಳೆದುಹೋಗುವುದು ಒಂದು ಪದವಲ್ಲ, ಇಡೀ ತೀರ್ಮಾನ.

ಊರಿನ ಆಸ್ಪತ್ರೆಯಲ್ಲಿ ನೆಟ್ ಸಿಗದಿದ್ದರೆ ಈಗಲೂ ಎಸ್ಸೆಮ್ಮೆಸ್ಸೇ ಗತಿ. ಒಂದು ಎಸ್ಸೆಮ್ಮೆಸ್ಸಿನಲ್ಲಿ 140 ಬೈಟ್ ಜಾಗ. ಇಂಗ್ಲಿಷಿನಲ್ಲಾದರೆ 160 ಅಕ್ಷರ ಹಿಡಿಸುತ್ತವೆ. ಕನ್ನಡದ ಪ್ರತಿ ಚಿಹ್ನೆಗೂ ಎರಡು ಬೈಟ್ ಬೇಕಾದ್ದರಿಂದ 70 ಮಾತ್ರ. ಅದಕ್ಕಿಂತ ಉದ್ದವಾದರೆ ಸಂದೇಶ ತುಂಡಾಗುತ್ತದೆ. ‘ಇದು ಎರಡರಲ್ಲಿ ಮೊದಲನೆಯದು’ ಎಂಬ ಗುರುತಿಗೂ ಜಾಗ ಹೋಗಿ, ತುಂಡಿಗೆ 67 ಉಳಿಯುತ್ತದೆ. ಒತ್ತಕ್ಷರ, ಕಾಗುಣಿತದ ಗುರುತು, ಖಾಲಿ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ರಾತ್ರಿ’ ಎಂಬ ಪುಟ್ಟ ಪದಕ್ಕೇ ಆರು ಬೇಕು.

ದಾವಣಗೆರೆಯಿಂದ ತಂಗಿ ಪುಣೆಯ ಅಣ್ಣನಿಗೆ ಹೀಗೆ ಬರೆದಳು ಎಂದುಕೊಳ್ಳೋಣ: “ಅಣ್ಣಾ, ಅಪ್ಪನ ಆಪರೇಷನ್ ನಾಳೆ ಬೆಳಿಗ್ಗೆ. ನೀನು ರಾತ್ರಿ ಬಸ್ಸಿಗೆ ಹೊರಟು ಬರೋದು”. ನಾನು ಎಣಿಸಿ ನೋಡಿದೆ, ಸರಿಯಾಗಿ 67. ಮುಂದಿನ ಪದ ಎರಡನೇ ತುಂಡಿನಲ್ಲಿದೆ. ಆ ತುಂಡು ದಾರಿಯಲ್ಲಿ ಉಳಿದರೆ, ಕೆಲವು ಫೋನುಗಳು ಮೊದಲ ತುಂಡನ್ನಷ್ಟೇ ತೋರಿಸುತ್ತವೆ.

ಆ ಬಾಲದಲ್ಲಿ ‘ಬೇಕು, ರಕ್ತ ಕೊಡೋರು ಸಿಕ್ಕಿಲ್ಲ’ ಎಂದಿರಬಹುದು. ‘ಬೇಡ, ಮಾವ ಬಂದಿದ್ದಾರೆ’ ಎಂದೂ ಇರಬಹುದು. ‘ಬೇಡ, ರೈಲಿಗೆ ಬಾ’ ಎಂದಿದ್ದರೂ ಆಶ್ಚರ್ಯವಿಲ್ಲ. ಮೂರಕ್ಕೂ ಮುಂದಿನ ಭಾಗ ಒಂದೇ. ಓದಿದವನು ತುಂಬಿಕೊಳ್ಳುವುದು ತಂಗಿಯ ಮಾತನ್ನಲ್ಲ, ತನ್ನ ಮನಸ್ಸನ್ನು: ಹೆದರಿದವನು ‘ಬೇಕು’ ಎಂದು ಓದುತ್ತಾನೆ, ರಜೆ ಸಿಗದವನು ‘ಬೇಡ’ ಎಂದು.

ಮೊದಲು ಸಂದೇಶವನ್ನು ಪೂರ್ತಿ ತೆರೆದು ನೋಡಿ, ಪರದೆಯ ಮೇಲೆ ಇಣುಕುವುದು ತಲೆಭಾಗ ಮಾತ್ರ. ಆಗಲೂ ಕೊನೆಯಲ್ಲಿ ಕ್ರಿಯಾಪದವಿಲ್ಲ, ಚುಕ್ಕಿಯಿಲ್ಲ ಎಂದಾದರೆ ಕೇಳಿ. ಕೇಳುವ ರೀತಿಯೂ ಮುಖ್ಯ. “ಬರಬೇಕು ಅಲ್ವಾ?” ಎಂದರೆ ಊಹೆಯನ್ನೇ ಪ್ರಶ್ನೆಯ ವೇಷದಲ್ಲಿ ಕಳಿಸಿದಂತೆ, ಆಸ್ಪತ್ರೆಯ ಗಡಿಬಿಡಿಯಲ್ಲಿ ಅವಳು “ಹೂಂ” ಎಂದುಬಿಡಬಹುದು. “ನಿನ್ನ ಮೆಸೇಜು ‘ಬರೋದು’ ಅಂತ ನಿಂತಿದೆ. ಮುಂದೇನು?” ಎಂದು ಕೇಳಿ. ಎಲ್ಲಿ ಕಡಿದಿದೆ ಎಂದು ತಿಳಿದರೆ ಅವಳು ಅಲ್ಲಿಂದಲೇ ಮುಂದುವರಿಸುತ್ತಾಳೆ.

ಉತ್ತರ ಬಾರದಿದ್ದರೆ ಫೋನು ಮಾಡಿ, ಅವಳು ಸಿಗದಿದ್ದರೆ ಜೊತೆಗಿರುವವರಿಗೆ ಮಾಡಿ. ಬಸ್ಸಿನ ಹೊತ್ತಾದರೂ ಯಾರೂ ಸಿಗದಿದ್ದರೆ, ಯಾವ ತಪ್ಪು ಕಡಿಮೆ ನಷ್ಟದ್ದು ಎಂದು ನೋಡಿ ಹೊರಡಬೇಕಾಗುತ್ತದೆ. ಸುಮ್ಮನೆ ಹೋದರೆ ಟಿಕೆಟ್ಟಿನ ಹಣ ದಂಡ, ಹೋಗದೆ ಉಳಿದರೆ ರಕ್ತಕ್ಕೆ ಜನವಿಲ್ಲ. ಆದರೆ ಹೊರಡುವ ಮುನ್ನ “ಮೆಸೇಜು ಅರ್ಧ ಬಂತು, ಬರಬೇಕು ಅಂದುಕೊಂಡು ಹೊರಟಿದ್ದೇನೆ” ಎಂದು ಬರೆದು ಕಳಿಸಿ. ಬೇಡವಾಗಿದ್ದರೆ ಸಾತಾರಾ ದಾಟುವ ಮೊದಲೇ ತಡೆಯಲು ಅವಳಿಗೊಂದು ದಾರಿಯಿರುತ್ತದೆ.