ತಾಳೆಗರಿಯ ಚಿತ್ರವೂ ಬೆರಳಚ್ಚಿನ ಅಕ್ಷರವೂ

ಪ್ರಶ್ನೆ: ಮನೆಯಲ್ಲಿರುವ ತಿಗಳಾರಿ ಓಲೆಯ ಛಾಯಾಚಿತ್ರವನ್ನು ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಕಳುಹಿಸಿದಾಗ, ಚಿತ್ರ ತಲುಪಿತೆಂದು ಒಪ್ಪಿಕೊಂಡೂ ಅದು ಬರಹವನ್ನು ಬೆರಳಚ್ಚು ಮಾಡಿಕೊಡಬೇಕೆಂದು ಕೇಳಿತು. ಕನ್ನಡವನ್ನು ಓದಬಲ್ಲ ಯಂತ್ರಕ್ಕೆ ಇದೇಕೆ ಕಷ್ಟ?

ಉತ್ತರ: ಬೆರಳಚ್ಚಿಸಿದ ‘ಕ’ ಎಂಬುದು ಯಂತ್ರಕ್ಕೆ U+0C95 ಎಂಬ ನಿಶ್ಚಿತ ಸಂಕೇತವಾಗಿ ತಲುಪುತ್ತದೆ, ಛಾಯಾಚಿತ್ರದಲ್ಲಾದರೋ ಇರುವುದು ಬೆಳಕು ನೆರಳುಗಳ ಚುಕ್ಕೆಗಳು ಮಾತ್ರವಾದುದರಿಂದ, ಹಿಂದೆ ಕಂಡ ಮಾದರಿಗಳ ಬಲದಿಂದಲೇ ಅದು ಅಕ್ಷರವನ್ನು ಊಹಿಸಬೇಕಾಗುತ್ತದೆ. ಯೂನಿಕೋಡಿನಲ್ಲಿ ತಿಗಳಾರಿಗೆ ಸ್ಥಾನ ದೊರೆತದ್ದೇ 2024ರಲ್ಲಿ. ಹೀಗಾಗಿ ಈ ಲಿಪಿಯ ಅಂತಹ ಮಾದರಿಗಳು ಅತ್ಯಲ್ಪ. ಮೇಲಾಗಿ, ಗ್ರಂಥಲಿಪಿಯ ಸಂತತಿಯೇ ಆದ ಮಲಯಾಳ ಲಿಪಿಯೊಡನೆ ಇದಕ್ಕೆ ನಿಕಟ ಸಾದೃಶ್ಯವಿರುವ ಕಾರಣ, ಯಂತ್ರವು ಇದನ್ನು ಮಲಯಾಳವೆಂದೇ ಭ್ರಮಿಸಿ, ಓಲೆಯಲ್ಲಿಲ್ಲದ ವಾಕ್ಯವನ್ನು ನಿರರ್ಗಳವಾಗಿ ಹೆಣೆದುಬಿಡುವ ಅಪಾಯವುಂಟು. ಒಂದೇ ಪಂಕ್ತಿಯನ್ನು ಒಮ್ಮೆ ಇಡಿಯ ಗರಿಯೊಡನೆ, ಮತ್ತೊಮ್ಮೆ ಕತ್ತರಿಸಿ ಪ್ರತ್ಯೇಕವಾಗಿ ಕಳುಹಿಸಿ ನೋಡಿರಿ; ಎರಡು ಪಾಠಗಳು ಭಿನ್ನವಾದರೆ ಅದು ಓದಲ್ಲ, ಊಹೆಯೆಂದೇ ತಿಳಿಯತಕ್ಕದ್ದು. ಹಾಗೆ ಊಹಿಸಿ ವಂಚಿಸುವುದಕ್ಕಿಂತ, ಓದಲಾರೆನೆಂದು ಒಪ್ಪಿಕೊಳ್ಳುವುದೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ.

ಲಿಪಿ ಬಲ್ಲ ಹಿರಿಯರಿಂದ ಓದಿಸಿಕೊಂಡು, ಕನ್ನಡ ಲಿಪಿಯಲ್ಲಿಯೇ ಅಕ್ಷರಕ್ಕೆ ಅಕ್ಷರವಾಗಿ, ಪಂಕ್ತಿಗೆ ಪಂಕ್ತಿಯಾಗಿ ಬೆರಳಚ್ಚಿಸಿರಿ. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲದಿದ್ದರೆ ನೀವೂ ಬಿಡಬೇಡಿ. ಹುಳು ತಿಂದ ಎಡೆಯಲ್ಲಿ ಊಹೆಯನ್ನು ತುಂಬದೆ ‘ಶ್ರೀಗಣಾ?ಪತಯೇನಮಃ’ ಎಂಬಂತೆ ಪ್ರಶ್ನಚಿಹ್ನೆಯನ್ನಿಡಿ. ಭಾಷೆ ಸಂಸ್ಕೃತವೋ ತುಳುವೋ ಎಂಬುದನ್ನು ಮೊದಲೇ ಸೂಚಿಸಿದರೆ, ಪದವಿಭಾಗಕ್ಕೂ ಅರ್ಥನಿರ್ಣಯಕ್ಕೂ ಯಂತ್ರವು ಆಗ ನಿಜವಾಗಿ ನೆರವಾಗಬಲ್ಲದು.