ಹದಿನಾಲ್ಕಕ್ಕಿಂತ ಕೆಳಗೆ ಇಳಿಯದ ಮೊತ್ತ

x, y, z ಎಂಬ ಮೂರು ಸಂಖ್ಯೆಗಳಿವೆ. ಮೊದಲನೆಯದಕ್ಕೆ ಎರಡನೆಯದರ ಎರಡರಷ್ಟನ್ನೂ ಮೂರನೆಯದರ ಮೂರರಷ್ಟನ್ನೂ ಕೂಡಿದರೆ 14 ಬರಬೇಕು, ಅಂದರೆ x + 2y + 3z = 14. ಈ ಷರತ್ತಿಗೆ ಒಳಪಟ್ಟು x² + y² + z² ಎಂಬ ವರ್ಗಗಳ ಮೊತ್ತ ಎಷ್ಟು ಚಿಕ್ಕದಾಗಬಹುದು?

ಕೈಗೆ ಬಂದ ಸಂಖ್ಯೆಗಳನ್ನು ಹಾಕಿ ನೋಡೋಣ. 14, 0, 0 ಎಂದಿಟ್ಟರೆ ಮೊತ್ತ 196. 0, 7, 0 ಎಂದಿಟ್ಟರೆ 49. 2, 3, 2 ಎಂದರೆ 17ಕ್ಕೆ ಇಳಿಯುತ್ತದೆ. 1, 2, 3 ಎಂದರೆ 14. ಇನ್ನೂ ಕೆಳಗೆ ಹೋಗಬಹುದೇ? ಭಿನ್ನರಾಶಿಗಳಿವೆ, ಋಣಸಂಖ್ಯೆಗಳಿವೆ, ವರ್ಗಮೂಲಗಳಿವೆ. ಹಾಕಿ ನೋಡುವ ಕೆಲಸಕ್ಕೆ ಕೊನೆಯೇ ಇಲ್ಲ. ಇದಕ್ಕಿಂತ ಕೆಳಗೆ ಯಾವುದೂ ಇಳಿಯದು ಎಂದು ಒಂದೇ ಏಟಿಗೆ ಹೇಳಿಬಿಡುವ ದಾರಿ ಬೇಕು.

ಪಿಯುಸಿಯಲ್ಲಿ ಗಣಿತ ಓದಿದವರಿಗೆ ಸದಿಶಗಳ ಡಾಟ್ ಪ್ರಾಡಕ್ಟ್ ನೆನಪಿರಬಹುದು. ಮೂರು ಸಂಖ್ಯೆಗಳನ್ನು ಒಟ್ಟಿಗೆ (x, y, z) ಎಂದು ಬರೆದರೆ ಅದು ಮೂಲಬಿಂದುವಿನಿಂದ ಹೊರಟ ಒಂದು ಬಾಣ. ಆ ಬಾಣದ ಉದ್ದ √(x² + y² + z²). ನಮಗೆ ಬೇಕಾದ ವರ್ಗಗಳ ಮೊತ್ತ ಎಂದರೆ ಬಾಣದ ಉದ್ದದ ವರ್ಗವೇ. ಎರಡು ಬಾಣಗಳ ಡಾಟ್ ಪ್ರಾಡಕ್ಟ್ ಪಡೆಯಲು ಮೊದಲನೆಯದನ್ನು ಮೊದಲನೆಯದರಿಂದ, ಎರಡನೆಯದನ್ನು ಎರಡನೆಯದರಿಂದ ಗುಣಿಸುತ್ತಾ ಹೋಗಿ ಕೂಡಿಸಬೇಕು. ಹಾಗೆ ನೋಡಿದರೆ x + 2y + 3z ಎಂಬುದು (x, y, z) ಮತ್ತು (1, 2, 3) ಇವುಗಳ ಡಾಟ್ ಪ್ರಾಡಕ್ಟ್. ಮೊದಲ ಬಾಣ ಗೊತ್ತಿಲ್ಲದ್ದು, ಎರಡನೆಯದನ್ನು ಷರತ್ತೇ ನಮ್ಮ ಕೈಗಿಟ್ಟಿದೆ.

ಡಾಟ್ ಪ್ರಾಡಕ್ಟ್‌ಗೆ ಇನ್ನೊಂದು ರೂಪವೂ ಉಂಟು: ಎರಡು ಬಾಣಗಳ ಉದ್ದಗಳ ಗುಣಲಬ್ಧವನ್ನು ಅವುಗಳ ನಡುವಿನ ಕೋನದ ಕೊಸೈನ್‌ನಿಂದ ಗುಣಿಸಿದರೂ ಅದೇ ಸಂಖ್ಯೆ ಬರುತ್ತದೆ. ಕೊಸೈನ್ ಎಂದೂ 1ನ್ನು ದಾಟುವುದಿಲ್ಲ. ಆದ್ದರಿಂದ ಡಾಟ್ ಪ್ರಾಡಕ್ಟ್ ಕೂಡ ಉದ್ದಗಳ ಗುಣಲಬ್ಧವನ್ನು ದಾಟಲಾರದು. ಎರಡೂ ಬದಿಯನ್ನು ವರ್ಗ ಮಾಡಿದರೆ,

(u·v)² ≤ |u|² |v|²

ನಮ್ಮ ಲೆಕ್ಕಕ್ಕೆ ಹಾಕಿ. ಎಡಗಡೆ 14ರ ವರ್ಗ, 196. ಬಲಗಡೆ (1, 2, 3)ರ ಉದ್ದದ ವರ್ಗ 1 + 4 + 9 = 14; ಅದನ್ನು ನಮಗೆ ಬೇಕಾದ ಮೊತ್ತದಿಂದ ಗುಣಿಸಬೇಕು. ಹಾಗಾಗಿ ಆ ಮೊತ್ತ 196/14ಕ್ಕೆ, ಅಂದರೆ 14ಕ್ಕೆ ಕಡಿಮೆಯಾಗದು. ಕೋನ ಸೊನ್ನೆಯಾಗಿ ಎರಡು ಬಾಣಗಳೂ ಒಂದೇ ದಿಕ್ಕಿಗೆ ನೆಟ್ಟಾಗ ಮಾತ್ರ ಸಮ ಚಿಹ್ನೆ ಸಲ್ಲುತ್ತದೆ: x = 1, y = 2, z = 3. ಹುಡುಕಾಟ ಅಲ್ಲಿಗೆ ಮುಗಿಯಿತು.

ಇಲ್ಲಿ ಚುರುಕಾದ ಓದುಗರು ಒಂದು ತಕರಾರು ತೆಗೆಯಬಹುದು. ಮೂರು ಆಯಾಮಗಳಲ್ಲಿ ಕೋನ ಕಣ್ಣಿಗೆ ಕಾಣುತ್ತದೆ, ಸರಿ. ಹತ್ತು ಅಜ್ಞಾತ ಸಂಖ್ಯೆಗಳಿದ್ದರೆ ಹತ್ತು ಆಯಾಮದಲ್ಲಿ ಕೋನ ಎಂದರೇನು? ತಕರಾರು ನ್ಯಾಯವಾದದ್ದೇ. ಅಲ್ಲಿ ಕೋನವನ್ನು ವ್ಯಾಖ್ಯಾನಿಸುವುದೇ ಈ ಅಸಮಾನತೆಯ ಬಲದ ಮೇಲೆ. ಕೋನವನ್ನು ತೋರಿಸಿ ಅಸಮಾನತೆಯನ್ನು ಸಾಧಿಸಹೊರಟರೆ ಸುತ್ತಿ ಹೊರಟಲ್ಲಿಗೇ ಬಂದಂತೆ. ಅದೃಷ್ಟಕ್ಕೆ ಕೋನದ ಹಂಗೇ ಇಲ್ಲದ ಸಾಧನೆಯೊಂದಿದೆ. (x − 1)² + (y − 2)² + (z − 3)² ಎಂಬುದನ್ನು ಬಿಡಿಸಿ ಬರೆಯಿರಿ. x² + y² + z² ಬರುತ್ತದೆ, ಅದರಿಂದ x + 2y + 3zನ ಎರಡರಷ್ಟು, ಅಂದರೆ 28, ಕಳೆಯುತ್ತದೆ, ಕೊನೆಗೆ 14 ಕೂಡುತ್ತದೆ. ಒಟ್ಟಿನಲ್ಲಿ ಉಳಿಯುವುದು x² + y² + z² − 14. ವರ್ಗಗಳ ಮೊತ್ತ ಸೊನ್ನೆಗಿಂತ ಕೆಳಗಿರಲಾರದು, ಕೆಲಸ ಆಯಿತು. ಸಾಮಾನ್ಯ ಸಾಧನೆಯೂ ಇದೇ. u ಎಂಬ ಬಾಣದಿಂದ v ಬಾಣದ t ಪಟ್ಟನ್ನು ಕಳೆದು, ಉಳಿದದ್ದರ ಉದ್ದದ ವರ್ಗವನ್ನು ಬಿಡಿಸಿ, t = (u·v)/|v|² ಎಂದು ಹಾಕಿದರೆ ಎಷ್ಟೇ ಆಯಾಮವಿರಲಿ ಅಸಮಾನತೆ ಕೈಸೇರುತ್ತದೆ.

ಸಂಖ್ಯೆಗಳ ಮೊತ್ತಕ್ಕೆ ಇದನ್ನು ಫ್ರಾನ್ಸಿನ ಕೋಶಿ 1821ರಲ್ಲಿ ಪ್ರಕಟಿಸಿದ. 1859ರಲ್ಲಿ ರಷ್ಯಾದ ಬುನ್ಯಕೋವ್‌ಸ್ಕಿ ಅನುಕಲನಗಳಿಗೆ ವಿಸ್ತರಿಸಿದ, 1880ರ ದಶಕದಲ್ಲಿ ಜರ್ಮನಿಯ ಶ್ವಾರ್ಟ್ಸ್ ತನ್ನದೇ ದಾರಿಯಲ್ಲಿ ಅದನ್ನು ಮತ್ತೆ ಕಂಡುಕೊಂಡ. ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕೋಶಿ-ಶ್ವಾರ್ಟ್ಸ್ ಎಂದಷ್ಟೇ ಇರುತ್ತದೆ. ಬುನ್ಯಕೋವ್‌ಸ್ಕಿಗೆ ಅನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ.

ಮೊದಲ ಲೆಕ್ಕದಲ್ಲಿ ಎರಡನೆಯ ಬಾಣ ತಾನಾಗಿ ಸಿಕ್ಕಿತು. ಎಲ್ಲ ಕಡೆ ಹಾಗಾಗುವುದಿಲ್ಲ. ಇದನ್ನು ನೋಡಿ: x, y, z ಧನಸಂಖ್ಯೆಗಳು, x + y + z = 1. ಆಗ 1/x + 4/y + 9/z ಎಷ್ಟು ಚಿಕ್ಕದಾಗಬಹುದು? ವರ್ಗಗಳೇ ಕಾಣುತ್ತಿಲ್ಲ. ಆದರೆ ಧನಸಂಖ್ಯೆ ಯಾವುದಾದರೂ ತನ್ನ ವರ್ಗಮೂಲದ ವರ್ಗ ತಾನೇ? 4/y ಎಂದರೆ 2/√yನ ವರ್ಗ. ಹಾಗಾದರೆ ಒಂದು ಬಾಣ (1/√x, 2/√y, 3/√z). ಇದರ ಜೊತೆಗಾರ ಹೇಗಿರಬೇಕು? ಡಾಟ್ ಪ್ರಾಡಕ್ಟ್ ತೆಗೆದಾಗ ಅಜ್ಞಾತಗಳೆಲ್ಲ ಹೊಡೆದುಹೋಗಬೇಕು, ಅದರ ಉದ್ದವೂ ಗೊತ್ತಿರಬೇಕು. (√x, √y, √z) ಎರಡಕ್ಕೂ ಒದಗುತ್ತದೆ. ಅದರ ಉದ್ದದ ವರ್ಗ x + y + z, ಅಂದರೆ 1. ಡಾಟ್ ಪ್ರಾಡಕ್ಟ್ 1 + 2 + 3 = 6. ಆದ್ದರಿಂದ ನಮ್ಮ ಮೊತ್ತ 36ಕ್ಕಿಂತ ಕಡಿಮೆಯಾಗದು. ಬಾಣಗಳು ಒಂದೇ ದಿಕ್ಕಿನಲ್ಲಿರಲು x, y, z ಗಳು 1 : 2 : 3ರ ಪ್ರಮಾಣದಲ್ಲಿರಬೇಕು, ಕೂಡಿದರೆ 1 ಬರಬೇಕಾದ್ದರಿಂದ 1/6, 1/3, 1/2. ಹಾಕಿ ನೋಡಿದರೆ 6 + 12 + 18, ಸರಿಯಾಗಿ 36.

ಅವಸರಪಟ್ಟವರು ಇಲ್ಲೇ ಜಾರುವುದು. 1/x + 4/y + 9/z ಎಂಬುದು 1/x + 1/y + 1/z ಗಿಂತ ದೊಡ್ಡದು. ಅದು 9ಕ್ಕಿಂತ ಕಡಿಮೆಯಲ್ಲ ಎಂದು ಇದೇ ಅಸಮಾನತೆ ಹೇಳುತ್ತದೆ. ಹಾಗಾಗಿ ಕನಿಷ್ಠ ಬೆಲೆ 9 ಎಂದುಬಿಡುತ್ತಾರೆ. ಮೊತ್ತ 9ಕ್ಕಿಂತ ದೊಡ್ಡದು ಎಂಬುದೇನೋ ನಿಜ, ಆದರೆ ಅದು 9ನ್ನು ಎಂದೂ ಮುಟ್ಟುವುದಿಲ್ಲ. ತಪ್ಪನ್ನು ಹಿಡಿಯುವ ಬಗೆ ಒಂದೇ: ಸಮ ಚಿಹ್ನೆ ಯಾವಾಗ ಸಲ್ಲುತ್ತದೆ ಎಂದು ಕೇಳುವುದು. ಇಲ್ಲಿ ಮೊದಲ ಹೆಜ್ಜೆಯಲ್ಲಿ ಸಮ ಚಿಹ್ನೆ ಎಂದೂ ಸಲ್ಲದು, ಏಕೆಂದರೆ 4/y ಯಾವಾಗಲೂ 1/yಗಿಂತ ದೊಡ್ಡದು.

ಸಮ ಚಿಹ್ನೆ ಸಂದರೂ ಆ ಬಿಂದು ನಮಗೆ ಬೇಡವಾಗಿರಬಹುದು. x − 2y + 3z = 14 ಎಂದಿರಲಿ, ಮೂರೂ ಸಂಖ್ಯೆಗಳು ಋಣವಾಗಿರಬಾರದು ಎಂಬ ಕಟ್ಟೂ ಇರಲಿ. (1, −2, 3) ಬಾಣವನ್ನು ತೆಗೆದುಕೊಂಡರೆ ವರ್ಗಗಳ ಮೊತ್ತ 14ಕ್ಕೆ ಕಡಿಮೆಯಿಲ್ಲ ಎಂದು ಮತ್ತೆ ಬರುತ್ತದೆ. ಆದರೆ ಸಮ ಚಿಹ್ನೆ ಕೇಳುವುದು y = −2ನ್ನು, ಅದಕ್ಕೆ ಅನುಮತಿಯಿಲ್ಲ. ಉಪಕರಣವನ್ನು ಎಸೆಯಬೇಕಾಗಿಲ್ಲ, ಬಾಣ ಬದಲಿಸಿದರೆ ಸಾಕು. y ಋಣವಲ್ಲದ್ದರಿಂದ x + 3z ಕನಿಷ್ಠ 14. ಈಗ (1, 0, 3) ಹಿಡಿದರೆ ಅದರ ಉದ್ದದ ವರ್ಗ 10, ಹಾಗಾಗಿ x² + z² ಕನಿಷ್ಠ 19.6. y = 0, x = 1.4, z = 4.2 ಎಂದಿಟ್ಟಾಗ ನಿಜಕ್ಕೂ ಅಷ್ಟೇ ಬರುತ್ತದೆ.

ಇದು ನಿಮಗೆ: x + 2y + 3z = 15, ಮೂರೂ ಪೂರ್ಣಾಂಕಗಳೇ ಆಗಿರಬೇಕು. ಅಸಮಾನತೆ ಕೊಡುವ ಮಿತಿ 225/14, ಅಂದರೆ 16ಕ್ಕಿಂತ ತುಸು ಹೆಚ್ಚು. ಪೂರ್ಣಾಂಕಗಳ ವರ್ಗಗಳ ಮೊತ್ತವೂ ಪೂರ್ಣಾಂಕವೇ ಆದ್ದರಿಂದ ಅದು 17ಕ್ಕೆ ಕಡಿಮೆಯಾಗದು. 17ನ್ನು ಮುಟ್ಟುವ ಮೂರು ಸಂಖ್ಯೆಗಳನ್ನು ಹುಡುಕಿ. 1, 2, 3ರ ಅಕ್ಕಪಕ್ಕದಲ್ಲೇ ಸಿಗುತ್ತವೆ.