ಹೊಸ ಆಫೀಸಿನಲ್ಲಿ ಒಂದು ನಿಮಿಷದ ಜಪಾನಿ ಮಾತು

ಜಪಾನಿನ ಕಚೇರಿಗಳಲ್ಲಿ ಹೊಸಬರು ಮೊದಲ ದಿನ ಮಾಡಲೇಬೇಕಾದ ಒಂದು ಕೆಲಸವಿದೆ. ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ನಿಂತು, ಸುಮಾರು ಒಂದು ನಿಮಿಷದಲ್ಲಿ ತಮ್ಮನ್ನು ತಾವು ಪರಿಚಯಿಸಿಕೊಳ್ಳಬೇಕು. ಇದಕ್ಕೆ ಅಲ್ಲಿ 'ಜಿಕೊ ಶೋಕೈ' ಎನ್ನುತ್ತಾರೆ. ಜಿಕೊ ಎಂದರೆ ಸ್ವಂತ, ಶೋಕೈ ಎಂದರೆ ಪರಿಚಯ. ಆ ಒಂದು ನಿಮಿಷದಲ್ಲಿ ಕೇಳುವವರು ಹುಡುಕುವುದು ಎರಡೇ ಸಂಗತಿ. ಈತನನ್ನು ನಾಳೆಯಿಂದ ಏನೆಂದು ಕರೆಯಬೇಕು? ಈತ ನಮ್ಮ ನಡುವೆ ಹೊಂದಿಕೊಂಡು ಹೋಗುವವನೇ? ಭಾಷೆಯ ಪಾಂಡಿತ್ಯ ಆಮೇಲಿನ ಮಾತು.

ನಮ್ಮ ಕಡೆಯ ಒಬ್ಬ ಎಂಜಿನಿಯರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೆಸರು ಮಂಜುನಾಥ, ತಂದೆಯ ಹೆಸರು ಕೃಷ್ಣಪ್ಪ ಎಂದಿಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಐದು ವರ್ಷ ವಾಹನಗಳ ಬಿಡಿಭಾಗ ವಿನ್ಯಾಸ ಮಾಡಿ, ಈಗ ನಗೋಯ ಕಡೆಯ ಒಂದು ಕಂಪನಿಯ ವಿನ್ಯಾಸ ವಿಭಾಗ ಸೇರುತ್ತಿದ್ದಾರೆ. ಸಂಜೆ ತರಗತಿಗಳಲ್ಲಿ ಜಪಾನಿ ಕಲಿತಿದ್ದಾರೆ. ಅವರು ಬರೆದುಕೊಂಡ ಪರಿಚಯ ಹೀಗಿದೆ:

"ಹಜಿಮೆಮಶಿತೆ. ವತಶಿ ನೊ ನಮಯೆ ವ ಕೃಷ್ಣಪ್ಪ ಮಂಜುನಾಥ ಸಾನ್ ದೆಸು. ವತಶಿ ವ ಇಂದೊ ನೊ ಬೆಂಗರೂರು ಕರ ಕಿಮಶಿತ. ವತಶಿ ವ ಜಿದೋಶ ಬುಹಿನ್ ನೊ ಸೆಕ್ಕೇ ಗ ಜೋಜು ದೆಸು. ವತಶಿ ನೊ ಒಕುಸಾನ್ ತೊ ಒತೋಸಾನ್ ವ ಬೆಂಗರೂರು ನಿ ಇಮಸು. ವತಶಿ ನೊ ನಿಹೊಂಗೊ ವ ಹೆತ ದೆಸು. ಗೊಮೆನ್ನಸೈ. ದೋಮೊ ಅರಿಗತೋ."

ಅಂದರೆ: "ನಮಸ್ಕಾರ, ನನ್ನ ಹೆಸರು ಕೃಷ್ಣಪ್ಪ ಮಂಜುನಾಥ ಅವರು. ನಾನು ಭಾರತದ ಬೆಂಗಳೂರಿನಿಂದ ಬಂದೆ. ನಾನು ವಾಹನದ ಬಿಡಿಭಾಗಗಳ ವಿನ್ಯಾಸದಲ್ಲಿ ನಿಪುಣ. ನನ್ನ ಪತ್ನಿಯವರು ಮತ್ತು ತಂದೆಯವರು ಬೆಂಗಳೂರಿನಲ್ಲಿದ್ದಾರೆ. ನನ್ನ ಜಪಾನಿ ಕೆಟ್ಟದಾಗಿದೆ. ಸಾರಿ. ಥ್ಯಾಂಕ್ಸ್."

ವ್ಯಾಕರಣದ ಪ್ರಕಾರ ಇದರಲ್ಲಿ ಹೆಚ್ಚಿನ ತಪ್ಪಿಲ್ಲ. ಅರ್ಥವೂ ಆಗುತ್ತದೆ. ಆದರೆ ಜಪಾನಿಗಳ ಕಿವಿಗೆ ಇದು ಸಹಜವಾಗಿ ಕೇಳುವುದಿಲ್ಲ. ಏಕೆಂದು ಒಂದೊಂದಾಗಿ ನೋಡೋಣ.

ಮೊದಲು ಕಣ್ಣಿಗೆ ಬೀಳುವುದು 'ವತಶಿ'ಗಳ ಸಾಲು. ವತಶಿ ಎಂದರೆ ನಾನು. ಮಾತನಾಡುತ್ತಿರುವವನು ಎದುರಿಗೇ ನಿಂತಿರುವಾಗ ಪ್ರತಿ ವಾಕ್ಯದಲ್ಲೂ ನಾನು, ನನ್ನ ಎಂದರೆ ಜಪಾನಿಯಲ್ಲಿ ಅದು ಎದೆ ತಟ್ಟಿಕೊಂಡಂತೆ ಕೇಳುತ್ತದೆ. ಸೋಜಿಗವೆಂದರೆ ಕನ್ನಡಿಗನಿಗೆ ಇದು ಹೊಸ ಪಾಠವೇ ಅಲ್ಲ. "ಎಲ್ಲಿಂದ ಬಂದಿರಿ?" ಎಂದು ಕೇಳಿದರೆ "ಬೆಂಗಳೂರಿನಿಂದ ಬಂದೆ" ಎನ್ನುತ್ತೇವೆಯೇ ಹೊರತು ನಾನು ಎಂಬ ಪದವನ್ನು ಹುಡುಕಿ ಮುಂದಿಡುವುದಿಲ್ಲ. ನಮ್ಮ ಎಂಜಿನಿಯರ್ ಎಡವಿದ್ದು ಕನ್ನಡದಲ್ಲಿ ಯೋಚಿಸಿದ್ದರಿಂದಲ್ಲ, ಇಂಗ್ಲಿಷಿನಲ್ಲಿ ಯೋಚಿಸಿದ್ದರಿಂದ. ಇಂಗ್ಲಿಷಿಗೆ ಕರ್ತೃಪದವಿಲ್ಲದೆ ವಾಕ್ಯ ನಿಲ್ಲುವುದಿಲ್ಲ. ಹಾಗಾಗಿ ಇಂಗ್ಲಿಷಿನ ಮೂಲಕ ಜಪಾನಿ ಕಲಿತವರ ಬಾಯಲ್ಲಿ ವತಶಿ ಉಳಿದುಬಿಡುತ್ತದೆ.

ಹಾಗೆ ನೋಡಿದರೆ ಎರಡೂ ಭಾಷೆಗಳ ವಾಕ್ಯದ ಕಟ್ಟು ಒಂದೇ ಬಗೆಯದು. ಕ್ರಿಯಾಪದ ಕೊನೆಯಲ್ಲಿ, ವಿಭಕ್ತಿ ಪದದ ಬೆನ್ನಿಗೆ. 'ಬೆಂಗಳೂರಿನಿಂದ' ಎಂಬುದರ 'ಇಂದ' ಇರುವಲ್ಲೇ 'ಬೆಂಗರೂರು ಕರ' ಎಂಬುದರ 'ಕರ' ಇದೆ. ಜಪಾನಿನ ವಿದ್ವಾಂಸ ಸುಸುಮು ಓನೊ ಇಂಥ ಹೋಲಿಕೆಗಳನ್ನು ಹಿಡಿದು ತಮಿಳಿಗೂ ಜಪಾನಿಗೂ ನಂಟಿದೆ ಎಂದು ವಾದಿಸಿದ್ದರು. ಬಹುಪಾಲು ಭಾಷಾತಜ್ಞರು ಅದನ್ನು ಒಪ್ಪಿಲ್ಲ. ನಂಟು ಇರಲಿ ಬಿಡಲಿ, ಕಲಿಯುವವನಿಗೆ ಈ ಹೋಲಿಕೆಯಿಂದ ಲಾಭವಂತೂ ಉಂಟು.

ಎರಡನೆಯದು ಹೆಸರು. 'ಸಾನ್' ಎನ್ನುವುದು ನಮ್ಮ 'ಅವರು' ಇದ್ದಂತೆ. ಅದನ್ನು ಬೇರೆಯವರ ಹೆಸರಿಗೆ ಸೇರಿಸಬೇಕು, ತನ್ನ ಹೆಸರಿಗೆ ಸೇರಿಸಿಕೊಳ್ಳುವಂತಿಲ್ಲ. "ನಾನು ಮಂಜುನಾಥ ಅವರು" ಎಂದರೆ ನಾವೂ ನಗುವುದಿಲ್ಲವೇ? ಎಲ್ಲರೂ ತನ್ನನ್ನು ಸಾನ್ ಎಂದೇ ಕರೆಯುವುದನ್ನು ಕೇಳಿ ಕೇಳಿ ಹೊಸಬರು ಅದನ್ನು ಹೆಸರಿನ ಬಾಲವೆಂದು ತಿಳಿಯುತ್ತಾರೆ. ಇನ್ನು 'ನಮಯೆ ವ' (ಹೆಸರು ಏನೆಂದರೆ) ಎಂಬುದರ ಬದಲು ಇಂಥ ಕಡೆ ಬಳಕೆಯಲ್ಲಿರುವುದು 'ತೊ ಮೋಶಿಮಸು'. ಇಲ್ಲಿ 'ತೊ' ನಮ್ಮ 'ಎಂದು', 'ಮೋಶಿಮಸು' ವಿನಯದ 'ಹೇಳುತ್ತೇನೆ'. "ನನ್ನನ್ನು ಮಂಜುನಾಥ ಅಂತಾರೆ" ಎಂಬ ನಮ್ಮ ಆಡುಮಾತಿಗೆ ಇದು ಎಷ್ಟು ಹತ್ತಿರ ನೋಡಿ.

ಆದರೆ ಹೆಸರಿನಲ್ಲಿ ಇನ್ನೊಂದು ತೊಡಕಿದೆ. ಜಪಾನಿಗಳು ಮನೆತನದ ಹೆಸರನ್ನು ಮೊದಲು ಹೇಳಿ, ಅದಕ್ಕೆ ಸಾನ್ ಸೇರಿಸಿ ಕರೆಯುತ್ತಾರೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ. ಊರಿನದೋ ತಂದೆಯದೋ ಹೆಸರು ಇನಿಷಿಯಲ್ ಆಗಿ ಮುಂದೆ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಸರ್‌ನೇಮ್ ಆಗುತ್ತದೆ. 'ಕೃಷ್ಣಪ್ಪ ಮಂಜುನಾಥ' ಎಂದು ಹೇಳಿದರೆ ಇಡೀ ಕಚೇರಿ ಮರುದಿನದಿಂದ ಈತನನ್ನು 'ಕೃಷ್ಣಪ್ಪ ಸಾನ್' ಎಂದು ಅಪ್ಪನ ಹೆಸರಿನಿಂದ ಕೂಗುತ್ತದೆ. ಮೇಜಿನ ಫಲಕದಿಂದ ಹಿಡಿದು ಇ-ಮೇಲ್ ವಿಳಾಸದವರೆಗೆ ಅದೇ ನಿಂತುಬಿಟ್ಟರೆ ಮತ್ತೆ ಬದಲಿಸುವುದು ಕಷ್ಟ. ಅದಕ್ಕೆ ಉಪಾಯ ಒಂದೇ ವಾಕ್ಯ: "ಮಂಜುನಾತೊ ತೊ ಒಯೊಬಿ ಕುದಸೈ". ಅಂದರೆ "ಮಂಜುನಾಥ ಎಂದು ಕರೆಯಿರಿ". ಜಪಾನಿ ಲಿಪಿಯಲ್ಲಿ 'ಥ'ಕಾರವಿಲ್ಲ, ಪದದ ಕೊನೆಗೆ 'ನ್' ಬಿಟ್ಟರೆ ಬೇರೆ ವ್ಯಂಜನವೂ ನಿಲ್ಲುವುದಿಲ್ಲ, ಆದ್ದರಿಂದ 'ನಾಥ್' ಹೋಗಿ 'ನಾತೊ' ಆಗುತ್ತದೆ. ಸುಲಭವಾಗಲೆಂದು 'ಮಂಜು' ಎಂದು ಚಿಕ್ಕದು ಮಾಡುವ ಮುನ್ನ ಒಂದು ಎಚ್ಚರ: ಸ್ವರ ಸ್ವಲ್ಪ ಎಳೆದರೆ 'ಮಂಜೂ', ಅದು ಕಾಳಿನ ಹೂರಣ ತುಂಬಿದ ಒಂದು ಸಿಹಿತಿಂಡಿಯ ಹೆಸರು. ತಮಾಷೆಗೆ ಸಿದ್ಧರಿದ್ದರೆ ಅದೂ ಚೆನ್ನವೇ, ಯಾರೂ ಮರೆಯುವುದಿಲ್ಲ.

ಮೂರನೆಯದು 'ಜೋಜು'. ಈ ಪದಕ್ಕೆ ನಿಘಂಟಿನಲ್ಲಿ ನಿಪುಣ ಎಂಬ ಅರ್ಥವಿದೆ ನಿಜ. ಆದರೆ ಅದು ಬೇರೆಯವರು ನಮ್ಮ ಬಗ್ಗೆ ಕೊಡುವ ತೀರ್ಪು. ತನಗೆ ತಾನೇ ಅದನ್ನು ಹೇಳಿಕೊಂಡರೆ ಬಡಾಯಿ ಆಗುತ್ತದೆ. ಇದರ ಬದಲು ಎಷ್ಟು ವರ್ಷ, ಯಾವ ಕೆಲಸ ನೋಡಿಕೊಂಡಿದ್ದೆ ಎಂಬ ಸಂಗತಿಯನ್ನಷ್ಟೇ ಹೇಳಿ, ತೀರ್ಪನ್ನು ಕೇಳುವವರಿಗೆ ಬಿಡುವುದು ಅಲ್ಲಿನ ರೀತಿ. ಹಾಗೆಂದು "ನನ್ನ ಜಪಾನಿ ಕೆಟ್ಟದು" ಎಂದು ತನ್ನನ್ನು ತಾನು ತೆಗಳಿಕೊಳ್ಳುವುದೂ ಬೇಡ. 'ಗೊಮೆನ್ನಸೈ' ಮನೆಯವರ, ಗೆಳೆಯರ ನಡುವಿನ ಕ್ಷಮೆ, ಕಚೇರಿಗೆ ಸಲ್ಲದು. "ಇನ್ನೂ ಕಲಿಯುತ್ತಿದ್ದೇನೆ, ತೊಂದರೆಯಾಗಬಹುದು, ಆದರೂ ಬೇಗ ಕೆಲಸ ಕಲಿಯಲು ಶ್ರಮಿಸುತ್ತೇನೆ" ಎಂದರೆ ಕೊರತೆಯನ್ನೂ ಒಪ್ಪಿಕೊಂಡಂತಾಯಿತು, ಮುಂದಿನ ದಾರಿಯನ್ನೂ ಹೇಳಿದಂತಾಯಿತು.

ಇಷ್ಟರವರೆಗೆ ಕನ್ನಡ ನೆರವಿಗೆ ಬಂದಿದೆ. ಕನ್ನಡವೇ ದಾರಿ ತಪ್ಪಿಸುವ ಜಾಗ ಒಂದಿದೆ, ಅದು ಕುಟುಂಬದ ಮಾತು. ನಾವು ಯಾರ ಮುಂದೆಯೇ ಆಗಲಿ "ನಮ್ಮ ತಂದೆಯವರು ಊರಲ್ಲಿದ್ದಾರೆ" ಎನ್ನುತ್ತೇವೆ. ಹಿರಿಯರಿಗೆ ಕೊಡುವ ಗೌರವ ಕೇಳುವವರು ಯಾರೆಂಬುದನ್ನು ನೋಡಿ ಬದಲಾಗುವುದಿಲ್ಲ. ಜಪಾನಿಯಲ್ಲಿ ಬದಲಾಗುತ್ತದೆ. ಅಲ್ಲಿ ಒಳಗಿನವರು, ಹೊರಗಿನವರು ಎಂಬ ಗೆರೆಯಿದೆ. ಹೊರಗಿನವರ ಮುಂದೆ ನಮ್ಮವರೆಲ್ಲ ನಮ್ಮಂತೆಯೇ ತಗ್ಗಬೇಕು. ಬೇರೆಯವರ ತಂದೆ 'ಒತೋಸಾನ್', ಹೊರಗಿನವರೊಡನೆ ಮಾತಾಡುವಾಗ ನನ್ನ ತಂದೆ ಬರೀ 'ಚಿಚಿ'. ಬೇರೆಯವರ ಪತ್ನಿ 'ಒಕುಸಾನ್', ನನ್ನ ಪತ್ನಿ 'ತ್ಸುಮ'.

ಈ ಗೆರೆ ಮನೆಗಷ್ಟೇ ಸೀಮಿತವಲ್ಲ, ಕಚೇರಿಯ ಬಾಗಿಲಲ್ಲೂ ಇದೆ. ಒಳಗೆ ತನಕ ಎಂಬ ಮುಖ್ಯಸ್ಥರನ್ನು ಹುದ್ದೆಯ ಹೆಸರಿನಿಂದಲೋ ಸಾನ್ ಸೇರಿಸಿಯೋ ಕರೆಯಬೇಕು. ಆದರೆ ಗ್ರಾಹಕರು ಫೋನ್ ಮಾಡಿ ಅವರನ್ನು ಕೇಳಿದರೆ "ತನಕ ಈಗ ಜಾಗದಲ್ಲಿಲ್ಲ" ಎಂದು ಬರೀ ಹೆಸರು ಹೇಳಬೇಕು. "ನಮ್ಮ ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಎಂದು ಬೆಳೆದ ನಮಗೆ ನಾಲಿಗೆ ಏಳುವುದಿಲ್ಲ. ಆದರೆ ಅಲ್ಲಿ ಸಾನ್ ಸೇರಿಸಿದರೇ ಗ್ರಾಹಕರಿಗೆ ಅಗೌರವ. ಪರಿಚಯದ ಮಾತಿನಲ್ಲಿ ಒತೋಸಾನ್ ಎಂದವನು ನಾಳೆ ಫೋನಿನಲ್ಲೂ ಹೀಗೇ ತಪ್ಪುತ್ತಾನೆ ಎಂಬುದು ಹಿರಿಯ ಸಹೋದ್ಯೋಗಿಗಳಿಗೆ ಆಗಲೇ ತಿಳಿದುಬಿಡುತ್ತದೆ. ಅದೂ ಅಲ್ಲದೆ ಬೆಳಗಿನ ಒಂದು ನಿಮಿಷದಲ್ಲಿ ಸಂಸಾರದ ವಿವರ ಬೇಕಿಲ್ಲ. ಹೊಸಬರಿಗಾಗಿ ಸಂಜೆ ಏರ್ಪಡಿಸುವ ಸ್ವಾಗತ ಕೂಟಕ್ಕೆ ಅದನ್ನು ಉಳಿಸಿಕೊಳ್ಳಬಹುದು.

ಇನ್ನು ತಿದ್ದಿದ ಪಾಠ:

"ಹಜಿಮೆಮಶಿತೆ. ಹೊಂಜಿತ್ಸು ಯೊರಿ ಸೆಕ್ಕೇಬು ನಿ ಹೈಜೊಕು ನಿ ನರಿಮಶಿತ, ಮಂಜುನಾತೊ ತೊ ಮೋಶಿಮಸು. ಮಂಜುನಾತೊ ತೊ ಒಯೊಬಿ ಕುದಸೈ. ಇಂದೊ ನೊ ಬೆಂಗರೂರು ಕರ ಮೈರಿಮಶಿತ. ಜೆನ್ಶೊಕು ದೆ ವ ಗೊನೆಂಕನ್, ಜಿದೋಶ ಬುಹಿನ್ ನೊ ಸೆಕ್ಕೇ ಒ ತಂತೋ ಶಿತೆ ಒರಿಮಶಿತ. ನಿಹೊಂಗೊ ವ ಮದ ಬೆಂಕ್ಯೋಚೂ ದೆ, ಗೊಮೇವಕು ಒ ಒಕಕೆ ಸುರು ಕೊತೊ ಮೊ ಅರು ಕ ತೊ ಒಮೊಯ್ಮಸು ಗ, ಇಚಿನಿಚಿ ಮೊ ಹಯಕು ಶಿಗೊತೊ ಒ ಒಬೊಯೆರರೆರು ಯೋ ಗಂಬರಿಮಸು. ದೋಜೊ ಯೊರೊಶಿಕು ಒನೆಗೈ ಇತಶಿಮಸು."

ಕನ್ನಡದಲ್ಲಿ: "ನಮಸ್ಕಾರ. ಇಂದಿನಿಂದ ವಿನ್ಯಾಸ ವಿಭಾಗಕ್ಕೆ ನೇಮಕವಾಗಿದೆ, ಮಂಜುನಾಥ ಅಂತ. ಮಂಜುನಾಥ ಎಂದೇ ಕರೆಯಿರಿ. ಭಾರತದ ಬೆಂಗಳೂರಿನಿಂದ ಬಂದಿದ್ದೇನೆ. ಹಿಂದಿನ ಕೆಲಸದಲ್ಲಿ ಐದು ವರ್ಷ ವಾಹನದ ಬಿಡಿಭಾಗಗಳ ವಿನ್ಯಾಸ ನೋಡಿಕೊಳ್ಳುತ್ತಿದ್ದೆ. ಜಪಾನಿ ಇನ್ನೂ ಕಲಿಯುತ್ತಿದ್ದೇನೆ, ತಮಗೆ ತೊಂದರೆಯಾಗುವುದೂ ಉಂಟು, ಆದರೂ ಒಂದು ದಿನ ಮುಂಚೆಯಾದರೂ ಕೆಲಸ ಕಲಿಯಲು ಶ್ರಮಿಸುತ್ತೇನೆ. ತಮ್ಮ ಸಹಕಾರವಿರಲಿ."

ಇಡೀ ಮಾತಿನಲ್ಲಿ ವತಶಿ ಒಮ್ಮೆಯೂ ಇಲ್ಲ. 'ಕಿಮಶಿತ' ಹೋಗಿ ಅದರ ವಿನಯರೂಪ 'ಮೈರಿಮಶಿತ' ಬಂದಿದೆ. 'ಸೇರಿದೆ' ಎನ್ನದೆ 'ನೇಮಕ ಆಯಿತು' ಎನ್ನಲಾಗಿದೆ. "ನನಗೆ ಹುಬ್ಬಳ್ಳಿಗೆ ವರ್ಗವಾಯಿತು" ಎನ್ನುವ ನಮ್ಮ ಸರ್ಕಾರಿ ನೌಕರರ ಧಾಟಿಯೇ ಇದು. ಕೊನೆಯ 'ಯೊರೊಶಿಕು ಒನೆಗೈ ಇತಶಿಮಸು' ಎಂಬುದಕ್ಕೆ ಒಂದೇ ಅರ್ಥ ಹೇಳಲು ಬಾರದು. ನನ್ನನ್ನು ನೋಡಿಕೊಳ್ಳಿ, ಮುಂದಕ್ಕೆ ಒಳ್ಳೆಯದಾಗಲಿ ಎಂಬೆಲ್ಲ ಭಾವ ಸೇರಿದೆ. ಪರಿಚಯದ ಮಾತು ಮುಗಿಯುವುದು ಇದರಿಂದಲೇ, ಅರಿಗತೋ ಎಂಬ ಥ್ಯಾಂಕ್ಸ್‌ನಿಂದಲ್ಲ.

ಆಡುವಾಗ 'ದೆಸು', 'ಮಸು'ಗಳ ಕೊನೆಯ ಉಕಾರ ಹೆಚ್ಚುಕಡಿಮೆ ನುಂಗಿಹೋಗಿ 'ದೆಸ್', 'ಮಸ್' ಎಂದು ಕೇಳುತ್ತದೆ. ಮಾತು ಪೂರ್ತಿ ಮುಗಿದ ಮೇಲೆ ಬಾಗಬೇಕು, ಮಾತಾಡುತ್ತಲೇ ಬಾಗಿದರೆ ಕೊನೆಯ ಪದಗಳು ನೆಲದ ಪಾಲಾಗುತ್ತವೆ. ಕಚೇರಿಯ ಶಿಷ್ಟಾಚಾರ ಕಲಿಸುವವರು ಇಂಥ ಸಂದರ್ಭಕ್ಕೆ ಸೊಂಟದಿಂದ 30 ಡಿಗ್ರಿ ಬಾಗಲು ಹೇಳುತ್ತಾರೆ.

ಈ ಪಾಠಕ್ಕೂ ಮಿತಿಯಿದೆ. ಐದಾರು ಹುಡುಗರ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಇಷ್ಟು ವಿನಯ ಭಾರವಾದೀತು. ಅಲ್ಲಿ 'ಮಂಜುನಾತೊ ದೆಸು' ಸಾಕು. ದೊಡ್ಡ ಕಚೇರಿಯಲ್ಲೂ 'ತೊ ಮೋಶಿಮಸು' ಮೊದಲ ಭೇಟಿಗಷ್ಟೇ. ಪರಿಚಯವಾದವರೊಡನೆ ಮರುದಿನವೂ ಹಾಗೆಂದರೆ ಮತ್ತೆ ಅಪರಿಚಿತನಾದಂತೆ.

ಮಾತು ಸಹಜವಾಗಿತ್ತೇ ಎಂದು ತಿಳಿಯುವುದು ಹೇಗೆ? "ನಿಮ್ಮ ಜಪಾನಿ ಬಹಳ ಚೆನ್ನಾಗಿದೆ" ಎಂಬ ಹೊಗಳಿಕೆ ಬಂದರೆ ಉಬ್ಬಬೇಡಿ, ಎರಡು ಪದ ಆಡಿದ ಪ್ರವಾಸಿಗೂ ಅದು ಸಿಗುತ್ತದೆ. ಹೊಗಳಿಕೆಯ ಗೊಡವೆಗೆ ಹೋಗದೆ ಪಕ್ಕದ ಮೇಜಿನವರು "ಮಂಜುನಾತೊ ಸಾನ್, ಯಾವ ಬಿಡಿಭಾಗ ಮಾಡುತ್ತಿದ್ದಿರಿ?" ಎಂದು ನೇರ ಕೆಲಸದ ಮಾತಿಗೆ ಬಂದರೆ, ಹೆಸರೂ ತಲುಪಿದೆ, ಮಾತೂ ತಲುಪಿದೆ ಎಂದು ತಿಳಿಯಬಹುದು.